24 ÷ 4(1 + 2): ಭಾಗಾಕಾರ, ಗುಣಾಕಾರ, ಬ್ರ್ಯಾಕೆಟ್ ಒಟ್ಟಿಗೆ ಬಂದಾಗ ಪದೇ ಪದೇ ಕೇಳುವ ಪ್ರಶ್ನೆಗಳು

## ನೇರವಾಗಿ ಹೇಳಿ, 24 ÷ 4(1 + 2) ಎಷ್ಟು? 18 ಅಥವಾ 2?

ಬರೆದವರು ಏನು ಹೇಳಲು ಹೊರಟಿದ್ದರು ಅನ್ನುವುದು ಗೊತ್ತಾಗದೆ ಉತ್ತರ ಹೇಳಲು ಬರುವುದಿಲ್ಲ. ಈ ಸಾಲಿಗೆ ಎರಡು ಓದುಗಳಿವೆ. ಎರಡನ್ನೂ ಓದು ಬರಹ ಬಲ್ಲವರೇ ಬಳಸುತ್ತಾರೆ.

ಮೊದಲನೆಯ ಓದಿನಲ್ಲಿ ಬ್ರ್ಯಾಕೆಟ್ ಒಳಗಿನದು 3 ಆಗುತ್ತದೆ. 4 ಮತ್ತು 3ರ ನಡುವೆ ಕಾಣದ ಒಂದು × ಇದೆ ಎಂದುಕೊಳ್ಳುತ್ತೇವೆ. ಆಗ ಸಾಲು 24 ÷ 4 × 3. ಎಡದಿಂದ ಬಲಕ್ಕೆ ಹೋದರೆ 6 × 3, ಅಂದರೆ 18.

ಎರಡನೆಯ ಓದಿನಲ್ಲಿ 4(1 + 2) ಒಂದೇ ಗಂಟು. ಚಿಹ್ನೆ ಇಲ್ಲದೆ ಅಂಟಿಸಿ ಬರೆದಿದ್ದಾರೆ, ಹಾಗಾಗಿ ಅದು ಒಂದೇ ಸಂಖ್ಯೆ ಎಂದುಕೊಳ್ಳುತ್ತೇವೆ. ಆ ಗಂಟಿನ ಬೆಲೆ 12. ಆಗ 24 ÷ 12, ಅಂದರೆ 2.

ಇದೇ ಅಚ್ಚಿನ ಲೆಕ್ಕಗಳು ಇಂಟರ್ನೆಟ್‌ನಲ್ಲಿ ಮತ್ತೆ ಮತ್ತೆ ಜಗಳ ಎಬ್ಬಿಸಿವೆ. 2011ರಲ್ಲಿ 48 ÷ 2(9 + 3) ಬಂತು, 2019ರಲ್ಲಿ 8 ÷ 2(2 + 2) ಬಂತು. ಸಂಖ್ಯೆ ಬೇರೆ, ತೊಡಕು ಒಂದೇ. ಎರಡೂ ಕಡೆಯವರು ಕೂಡುವುದರಲ್ಲೋ ಗುಣಿಸುವುದರಲ್ಲೋ ತಪ್ಪು ಮಾಡಿರುವುದಿಲ್ಲ. ಅವರ ಭಿನ್ನಾಭಿಪ್ರಾಯ ಇರುವುದು ಲೆಕ್ಕದಲ್ಲಿ ಅಲ್ಲ, ಓದುವುದರಲ್ಲಿ.

## ಬ್ರ್ಯಾಕೆಟ್ ಮೊದಲು ಮಾಡಬೇಕು ಅಲ್ವಾ? ಹಾಗಾದರೆ 4(3) ಅನ್ನು ಮೊದಲು ಗುಣಿಸಲೇಬೇಕಲ್ಲ?

ಇಲ್ಲ. "ಬ್ರ್ಯಾಕೆಟ್ ಮೊದಲು" ಅನ್ನುವ ನಿಯಮ ಬ್ರ್ಯಾಕೆಟ್‌ನ ಒಳಗೆ ಇರುವುದಕ್ಕೆ ಮಾತ್ರ. ಒಳಗಿನ 1 + 2 ಕೂಡಿ 3 ಆಯಿತು ಅಂದರೆ ಆ ನಿಯಮದ ಕೆಲಸ ಅಲ್ಲಿಗೆ ಮುಗಿಯಿತು. ಹೊರಗಿನ 4 ಬ್ರ್ಯಾಕೆಟ್‌ನ ಪಕ್ಕದಲ್ಲಿದೆ, ಒಳಗೆ ಇಲ್ಲ. ಒಂದೇ ಸಂಖ್ಯೆಯ ಸುತ್ತ ಉಳಿದ ಬ್ರ್ಯಾಕೆಟ್ ಏನನ್ನೂ ಬದಲಿಸುವುದಿಲ್ಲ. (3) ಅಂದರೂ 3 ಅಂದರೂ ಒಂದೇ.

ಹಾಗಾಗಿ "2 ಯಾಕೆಂದರೆ ಬ್ರ್ಯಾಕೆಟ್ ಇನ್ನೂ ಹೋಗಿಲ್ಲ" ಅನ್ನುವ ಕಾರಣ ಸರಿಯಲ್ಲ. 2 ಅನ್ನುವ ಉತ್ತರಕ್ಕೆ ಗಟ್ಟಿಯಾದ ಬೇರೆ ಕಾರಣ ಇದೆ. ಅದಕ್ಕೆ ಸ್ವಲ್ಪ ಕೆಳಗೆ ಬರುತ್ತೇನೆ.

## ಬಾಡ್‌ಮಾಸ್‌ನಲ್ಲಿ ಭಾಗಾಕಾರದ ಅಕ್ಷರ ಮೊದಲು ಬರುತ್ತದೆ. ಹಾಗಾದರೆ ಯಾವಾಗಲೂ ಭಾಗಿಸಿ ಆಮೇಲೆ ಗುಣಿಸಬೇಕೇ?

ಅದೂ ಇಲ್ಲ. ಭಾಗಾಕಾರ ಮತ್ತು ಗುಣಾಕಾರ ಒಂದೇ ಮೆಟ್ಟಿಲಲ್ಲಿ ನಿಂತಿವೆ. ಎಡದಿಂದ ಓದುತ್ತಾ ಹೋದಾಗ ಯಾವುದು ಮೊದಲು ಸಿಗುತ್ತದೋ ಅದನ್ನು ಮೊದಲು ಮಾಡಬೇಕು. ಅಮೆರಿಕದ ಮಕ್ಕಳು ಕಲಿಯುವ ಪೆಮ್‌ಡಾಸ್‌ನಲ್ಲಿ ಗುಣಾಕಾರದ ಅಕ್ಷರವೇ ಮೊದಲು ಬರುತ್ತದೆ. ಅಕ್ಷರಗಳ ಸಾಲನ್ನೇ ನಂಬಿದರೆ ಒಂದು ದೇಶದ 24 ÷ 4 × 3 ಇನ್ನೊಂದು ದೇಶದಲ್ಲಿ ಬೇರೆಯಾಗಬೇಕಿತ್ತು. ಹಾಗೆ ಆಗುವುದಿಲ್ಲ. ಎರಡೂ ಕಡೆ ಅದು 18.

ಇಲ್ಲಿ ಒಂದು ಗೆರೆ ಎಳೆದುಬಿಡೋಣ. 24 ÷ 4 × 3 ಅನ್ನುವ ಸಾಲಿನಲ್ಲಿ ಯಾವ ಗೊಂದಲವೂ ಇಲ್ಲ. × ಚಿಹ್ನೆ ಕಣ್ಣಿಗೆ ಕಾಣುತ್ತಿದೆ. ಇದಕ್ಕೆ 2 ಎಂದು ಬರೆದರೆ ಅದು ತಪ್ಪು. ಗೊಂದಲ ಶುರುವಾಗುವುದು × ಮಾಯವಾಗಿ 4 ಮತ್ತು ಬ್ರ್ಯಾಕೆಟ್ ಅಂಟಿಕೊಂಡಾಗ.

ಎಡದಿಂದ ಬಲಕ್ಕೆ ಅನ್ನುವುದು ನೆನಪಿನಲ್ಲಿ ಉಳಿಯದಿದ್ದರೆ ಇನ್ನೊಂದು ದಾರಿ ಇದೆ. ÷ ತನ್ನ ಬಲಕ್ಕೆ ತಾಗಿರುವ ಒಂದೇ ಸಂಖ್ಯೆಯನ್ನು ಹಿಡಿಯುತ್ತದೆ ಎಂದುಕೊಳ್ಳಿ. "4 ರಿಂದ ಭಾಗಿಸು" ಅನ್ನುವುದನ್ನು "1/4 ರಿಂದ ಗುಣಿಸು" ಎಂದು ಬದಲಿಸಿ. ಆಗ ಸಾಲು 24 × 1/4 × 3 ಆಗುತ್ತದೆ. ಈಗ ಬರೀ ಗುಣಾಕಾರ ಉಳಿಯಿತು. ಯಾವ ಕಡೆಯಿಂದ ಗುಣಿಸಿದರೂ 18 ಬರುತ್ತದೆ. 24 ಮತ್ತು 3 ಮೇಲೆ, 4 ಕೆಳಗೆ. ಕ್ರಮದ ಚಿಂತೆಯೇ ಬೇಕಿಲ್ಲ.

## ಬ್ರ್ಯಾಕೆಟ್ ಬಿಡಿಸಿ ನೋಡಿದೆ: 4(1 + 2) = 4 + 8 = 12. ಹಾಗಾಗಿ 24 ÷ 12 = 2. ಇದು ಸಾಬೀತಾದಂತೆ ಅಲ್ವಾ?

ಈ ವಾದ ನೋಡಲು ತುಂಬಾ ಚೆನ್ನಾಗಿದೆ. ಆದರೆ ಸಾಬೀತು ಮಾಡಬೇಕಾದದ್ದನ್ನು ಅದು ಮೊದಲೇ ಒಪ್ಪಿಕೊಂಡಿದೆ.

ಬ್ರ್ಯಾಕೆಟ್ ಬಿಡಿಸುವಾಗ ಹೊರಗಿನ ಪೂರ್ತಿ ಗುಣಕವನ್ನು ಒಳಗೆ ತೆಗೆದುಕೊಂಡು ಹೋಗುತ್ತೇವೆ. ಇಲ್ಲಿ ಹೊರಗಿನ ಗುಣಕ ಯಾವುದು? 4 ಮಾತ್ರವೇ, ಅಥವಾ 24 ÷ 4 ಅನ್ನುವ ಪೂರ್ತಿ ತುಣುಕೇ? ಇದೇ ತಾನೇ ಮೂಲ ಪ್ರಶ್ನೆ. 4 ಮಾತ್ರ ಎಂದುಕೊಂಡರೆ 24 ÷ (4 + 8), ಅಂದರೆ 2. 24 ÷ 4 ಪೂರ್ತಿ ಎಂದುಕೊಂಡರೆ 6(1 + 2) = 6 + 12, ಅಂದರೆ 18. ಬಿಡಿಸುವ ನಿಯಮ ಎರಡಕ್ಕೂ ಅಷ್ಟೇ ಚೆನ್ನಾಗಿ ಹೊಂದುತ್ತದೆ. ಯಾವ ಓದು ಸರಿ ಎಂದು ಅದು ಹೇಳುವುದಿಲ್ಲ.

## ಹಾಗಾದರೆ 2 ಅನ್ನುವವರದು ಬರೀ ಅಭ್ಯಾಸದ ತಪ್ಪೇ?

ಖಂಡಿತ ಅಲ್ಲ. ಬೀಜಗಣಿತದ ಪುಸ್ತಕ ತೆರೆದು ಒಂದು ಭಾಗಾಕಾರ ನೋಡಿ:

6xy ÷ 2x

ಇದಕ್ಕೆ ಎಲ್ಲರೂ 3y ಎಂದು ಉತ್ತರ ಬರೆಯುತ್ತಾರೆ. ಶಿಕ್ಷಕರೂ ಅದಕ್ಕೇ ಅಂಕ ಕೊಡುತ್ತಾರೆ. ಆದರೆ ಕಾಣದ × ಅನ್ನು ಬರೆದು ಎಡದಿಂದ ಬಲಕ್ಕೆ ಹೋದರೆ 6xy ÷ 2 × x ಆಗುತ್ತದೆ. ಅದರ ಉತ್ತರ 3x²y. ಹಾಗೆ ಯಾರೂ ಓದುವುದಿಲ್ಲ. 2x ಅನ್ನು ಒಂದೇ ಗಂಟು ಎಂದು ನಮ್ಮ ಕಣ್ಣು ತಾನಾಗಿಯೇ ತೆಗೆದುಕೊಳ್ಳುತ್ತದೆ. ಅಂಟಿಸಿ ಬರೆದ ಗುಣಾಕಾರಕ್ಕೆ ಭಾಗಾಕಾರಕ್ಕಿಂತ ಬಿಗಿ ಜಾಸ್ತಿ ಎಂಬ ಅಲಿಖಿತ ಒಪ್ಪಂದ ಇದು.

ನನಗೆ ಈ ವಿಷಯದಲ್ಲಿ ಅತ್ಯಂತ ಕುತೂಹಲ ಹುಟ್ಟಿಸಿದ್ದು ಇದೇ ಜಾಗ. 24 ÷ 4(1 + 2) ಗೆ 18 ಎಂದು ವಾದಿಸುವವರೇ ಬೀಜಗಣಿತಕ್ಕೆ ಬಂದಾಗ 6xy ÷ 2x ಗೆ 3y ಎಂದು ಬರೆಯುತ್ತಾರೆ. ಒಂದೇ ತಲೆಯೊಳಗೆ ಎರಡು ಒಪ್ಪಂದಗಳು ಜಗಳವಿಲ್ಲದೆ ಇರುತ್ತವೆ. ಅಕ್ಷರ ಕಂಡರೆ ಒಂದು ಓದು, ಅಂಕಿ ಕಂಡರೆ ಇನ್ನೊಂದು.

ಈ ಒಪ್ಪಂದ ಲಿಖಿತ ರೂಪದಲ್ಲೂ ಇದೆ. ಭೌತಶಾಸ್ತ್ರದ ಸಂಶೋಧನೆ ಪ್ರಕಟಿಸುವ ಫಿಸಿಕಲ್ ರಿವ್ಯೂ ಪತ್ರಿಕೆಗಳು ಲೇಖಕರಿಗೆ ಕೊಡುವ ಬರಹದ ಕ್ರಮದಲ್ಲಿ, ಓರೆಗೆರೆ ಹಾಕಿ ಭಾಗಿಸುವುದಕ್ಕಿಂತ ಮೊದಲು ಗುಣಾಕಾರ ಬರುತ್ತದೆ. ಅಲ್ಲಿ 1/2x ಕಂಡರೆ 2x ಪೂರ್ತಿ ಕೆಳಗಿದೆ ಎಂದೇ ಓದಬೇಕು.

## ಸರಿ, ಆ ಒಪ್ಪಂದವನ್ನೇ ಎಲ್ಲರಿಗೂ ನಿಯಮ ಮಾಡಿಬಿಟ್ಟರೆ ಸಾಕಲ್ಲ?

ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ಈ ಎರಡು ಸೂತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಮೇಲೆ ಆ ನಂಬಿಕೆ ಹೋಯಿತು.

ಒಂದು, ಶಂಕುವಿನ ಘನಫಲ. ಜನ ಒಂದೇ ಸಾಲಿನಲ್ಲಿ ಟೈಪ್ ಮಾಡುವಾಗ ಹೀಗೆ ಬರೆಯುತ್ತಾರೆ:

V = 1/3πr²h

ಇನ್ನೊಂದು, ಒಂದು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರ್ ಸೇರಿಸಿ ಮಾಡಿದ ಫಿಲ್ಟರ್ ಯಾವ ಆವರ್ತನದಲ್ಲಿ ತಡೆಯಲು ಶುರುಮಾಡುತ್ತದೆ ಅನ್ನುವುದರ ಸೂತ್ರ:

f = 1/2πRC

ಎರಡನ್ನೂ ಇನ್ನೊಮ್ಮೆ ನೋಡಿ. ಅಚ್ಚು ಒಂದೇ. 1, ಓರೆಗೆರೆ, ಒಂದು ಅಂಕಿ, π, ಆಮೇಲೆ ಅಕ್ಷರಗಳು. ಆದರೆ ಅರ್ಥ ತಲೆಕೆಳಗು. ಶಂಕುವಿನ ಸೂತ್ರದಲ್ಲಿ ಕೆಳಗಿರುವುದು 3 ಮಾತ್ರ, π ಮತ್ತು r²h ಮೇಲಿವೆ. ಫಿಲ್ಟರ್ ಸೂತ್ರದಲ್ಲಿ 2πRC ಪೂರ್ತಿ ಕೆಳಗಿದೆ.

ಈಗ ಯಾವ ನಿಯಮ ತರುತ್ತೀರಿ? "ಎಡದಿಂದ ಬಲಕ್ಕೆ" ಅಂದರೆ ಶಂಕು ಸರಿ, ಫಿಲ್ಟರ್ ತಪ್ಪು. "ಅಂಟಿದ್ದು ಮೊದಲು" ಅಂದರೆ ಫಿಲ್ಟರ್ ಸರಿ, ಶಂಕು ತಪ್ಪು. ಜನ ನಿಜವಾಗಿ ಬರೆಯುವ ಎರಡೂ ಸಾಲುಗಳನ್ನು ಸರಿಯಾಗಿ ಓದುವ ಒಂದು ನಿಯಮ ಇಲ್ಲ. ಹಾಗಾಗಿ ಓದುವವರಿಗೆ ನಿಯಮ ಕಲಿಸಿ ಪ್ರಯೋಜನವಿಲ್ಲ. ಬರೆಯುವವರು ಎರಡು ಬ್ರ್ಯಾಕೆಟ್ ಜಾಸ್ತಿ ಹಾಕಬೇಕು, ಅಷ್ಟೇ:

V = (1/3)πr²h

f = 1/(2πRC)

## ಇದು ಬರೀ ಒಗಟಿನ ಮಾತಾಯಿತು. ನಿಜವಾದ ಕೆಲಸದಲ್ಲಿ ಇದರಿಂದ ಏನಾಗುತ್ತದೆ?

ಮೇಲಿನ ಫಿಲ್ಟರ್ ಸೂತ್ರವನ್ನೇ ಪೂರ್ತಿ ಮಾಡಿ ನೋಡೋಣ. ಈ ತಪ್ಪು ನಾನೇ ಮಾಡಿದ್ದು, ಹಾಗಾಗಿ ಚೆನ್ನಾಗಿ ನೆನಪಿದೆ.

ರೆಸಿಸ್ಟರ್ 10 ಕಿಲೋ ಓಂ. ಕೆಪಾಸಿಟರ್ 10 ನ್ಯಾನೋ ಫ್ಯಾರಡ್. ಎರಡನ್ನೂ ಗುಣಿಸಿದರೆ RC = 0.0001. ಪುಸ್ತಕದಲ್ಲಿ ಕಂಡಂತೆ ಎಡದಿಂದ ಟೈಪ್ ಮಾಡುತ್ತಾ ಹೋದೆ. ಕಾಣದ × ಇದ್ದಲ್ಲೆಲ್ಲ ನಕ್ಷತ್ರ ಹಾಕಿದೆ:

```
import math
R = 10_000
C = 10e-9
print(1 / 2 * math.pi * R * C)
print(1 / (2 * math.pi * R * C))
```

ಕೊನೆಯ ಎರಡು print ಸಾಲುಗಳಲ್ಲಿ ನಾನು ಅಂದು ಬರೆದದ್ದು ಮೊದಲನೆಯದು ಮಾತ್ರ. ಅದು ಸುಮಾರು 0.000157 ಕೊಡುತ್ತದೆ. ಎರಡನೆಯದು ಸುಮಾರು 1591.5 ಕೊಡುತ್ತದೆ. ಸರಿಯಾದದ್ದು 1591.5 ಹರ್ಟ್ಸ್. ಎರಡರ ನಡುವಿನ ಅಂತರ ಒಂದು ಕೋಟಿ ಪಟ್ಟು.

ಯಾವ ಎಚ್ಚರಿಕೆಯೂ ಬರಲಿಲ್ಲ. ಬರುವುದೂ ಇಲ್ಲ, ಯಾಕೆಂದರೆ ಮೊದಲನೆಯ ಸಾಲಿನಲ್ಲಿ ಭಾಷೆಯ ತಪ್ಪು ಏನೂ ಇಲ್ಲ. 1 ಅನ್ನು 2 ರಿಂದ ಭಾಗಿಸಿ ಬಂದ 0.5 ಅನ್ನು π, R, C ಗಳಿಂದ ಗುಣಿಸು ಎಂದು ಬರೆದಿದ್ದೆ. ಕಂಪ್ಯೂಟರ್ ಅದನ್ನೇ ಮಾಡಿತು. ಬಿಡಿಭಾಗಗಳ ಬೆಲೆ ತಪ್ಪಿರಬೇಕು ಎಂದು ಕೆಪಾಸಿಟರ್ ಮೇಲಿನ ಗುರುತನ್ನು ಎರಡು ಸಲ ಓದಿದೆ. ಸೊನ್ನೆಗಳನ್ನು ಎಣಿಸಿದೆ. ಬ್ರ್ಯಾಕೆಟ್ ಕಡೆ ಕಣ್ಣು ಹೋಗಿದ್ದು ಕೊನೆಗೆ.

## ಇಂಥ ತಪ್ಪನ್ನು ಬೇಗ ಹಿಡಿಯುವುದು ಹೇಗೆ?

ಎರಡು ಪರೀಕ್ಷೆಗಳಿವೆ. ಒಂದೊಂದಕ್ಕೂ ಅರ್ಧ ನಿಮಿಷ ಸಾಕು.

ಮೊದಲನೆಯದು ಮಾನದ ಪರೀಕ್ಷೆ. ಓಂ ಅನ್ನು ಫ್ಯಾರಡ್‌ನಿಂದ ಗುಣಿಸಿದರೆ ಸೆಕೆಂಡ್ ಬರುತ್ತದೆ. ನಮಗೆ ಬೇಕಾದದ್ದು ಹರ್ಟ್ಸ್, ಅಂದರೆ ಸೆಕೆಂಡಿಗೆ ಎಷ್ಟು ಸಲ, ಅಂದರೆ 1/ಸೆಕೆಂಡ್. ಹಾಗಾಗಿ RC ಕೆಳಗೇ ಇರಬೇಕು. ಅದು ಮೇಲೆ ಹೋದರೆ ಉತ್ತರ ಸೆಕೆಂಡ್‌ಗಳಲ್ಲಿ ಬರುತ್ತದೆ, ಅದು ಆವರ್ತನವೇ ಅಲ್ಲ. ಶಂಕುವಿಗೂ ಇದನ್ನೇ ಮಾಡಿ. ಘನಫಲ ಅಂದರೆ ಘನ ಸೆಂಟಿಮೀಟರ್ ಬರಬೇಕು. r²h ನಲ್ಲಿ ಮೂರು ಸೆಂಟಿಮೀಟರ್‌ಗಳು ಗುಣಿಸಿಕೊಂಡಿವೆ. ಹಾಗಾಗಿ ಅದು ಮೇಲೇ ಇರಬೇಕು. ತ್ರಿಜ್ಯ 3, ಎತ್ತರ 7 ಸೆಂಟಿಮೀಟರ್ ಆದರೆ ಸರಿಯಾದ ಉತ್ತರ 21π, ಅಂದರೆ ಸುಮಾರು 66 ಘನ ಸೆಂಟಿಮೀಟರ್. ಎಲ್ಲವನ್ನೂ ಕೆಳಗೆ ಹಾಕಿದರೆ ಬರುವುದು 0.0017.

ಎರಡನೆಯದು ದುಪ್ಪಟ್ಟು ಮಾಡುವ ಪರೀಕ್ಷೆ. ಒಂದು ಬೆಲೆಯನ್ನು ಎರಡರಷ್ಟು ಮಾಡಿ, ಉತ್ತರ ಯಾವ ಕಡೆ ಹೋಗುತ್ತದೆ ನೋಡಿ. ಶಂಕು ಎರಡರಷ್ಟು ಎತ್ತರವಾದರೆ ಘನಫಲ ಹೆಚ್ಚಬೇಕು. ಕೆಪಾಸಿಟರ್ ದೊಡ್ಡದಾದರೆ ಆ ಆವರ್ತನ ಕಡಿಮೆಯಾಗಬೇಕು. ನನ್ನ ತಪ್ಪು ಸಾಲಿನಲ್ಲಿ C ಹೆಚ್ಚಿಸಿದರೆ f ಕೂಡ ಹೆಚ್ಚುತ್ತಿತ್ತು. ಅದನ್ನು ಒಮ್ಮೆ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

24 ÷ 4(1 + 2) ಥರದ ಒಗಟುಗಳಿಗೆ ಈ ಪರೀಕ್ಷೆಗಳು ನಡೆಯುವುದಿಲ್ಲ. ಅಲ್ಲಿ 24 ಅಂದರೆ ಏನು, 4 ಅಂದರೆ ಏನು ಎಂದು ಯಾರೂ ಹೇಳಿರುವುದಿಲ್ಲ. ಸಂದರ್ಭವನ್ನು ಕಿತ್ತು ಬರೀ ಅಂಕಿಗಳನ್ನು ಉಳಿಸಿದ್ದರಿಂದಲೇ ಅದು ಬಿಡಿಸಲಾಗದ ಜಗಳವಾಗಿದೆ.

## ಎರಡು ಕ್ಯಾಲ್ಕುಲೇಟರ್ ಎರಡು ಉತ್ತರ ಕೊಟ್ಟವು. ಒಂದು ಕೆಟ್ಟಿದೆಯೇ?

ಎರಡೂ ಸರಿಯಾಗಿಯೇ ಇವೆ. ಮಾಡಿದವರು ಬೇರೆ ಬೇರೆ ಒಪ್ಪಂದ ಆರಿಸಿಕೊಂಡಿದ್ದಾರೆ. ಒಂದೇ ಕಂಪನಿಯ ಯಂತ್ರಗಳಲ್ಲೂ ಇದು ಬದಲಾಗಿದೆ. ಟಿಐ-82 ಗ್ರಾಫಿಂಗ್ ಕ್ಯಾಲ್ಕುಲೇಟರ್ ಅಂಟಿದ ಗುಣಾಕಾರವನ್ನು ಭಾಗಾಕಾರಕ್ಕಿಂತ ಮೊದಲು ಮಾಡುತ್ತಿತ್ತು. ಅದರ ನಂತರ ಬಂದ ಟಿಐ-83 ಎರಡನ್ನೂ ಒಂದೇ ಮೆಟ್ಟಿಲಲ್ಲಿ ಇಟ್ಟಿತು. ಕ್ಯಾಸಿಯೋದ ಕ್ಲಾಸ್‌ವಿಜ್ ಮಾದರಿಗಳು ಅಂಟಿದ್ದನ್ನು ಮೊದಲು ಮಾಡುತ್ತವೆ. ಜೊತೆಗೆ ತಾವು ಹೇಗೆ ಓದಿದೆವು ಎಂದು ತೋರಿಸಲು ಪರದೆಯ ಮೇಲೆ ಬ್ರ್ಯಾಕೆಟ್ ಸೇರಿಸಿ ಕಾಣಿಸುತ್ತವೆ. 24÷4(1+2) ಒತ್ತಿದರೆ ಅದು 24÷(4(1+2)) ಆಗಿ ನಿಲ್ಲುತ್ತದೆ. ಇದು ನನಗೆ ತುಂಬಾ ಹಿಡಿಸಿದ ನಡೆ. ಯಂತ್ರದ ಓದು ನಿಮ್ಮದಕ್ಕೆ ಹೊಂದದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ನಿಮ್ಮ ಕೈಯಲ್ಲಿರುವುದು ಯಾವ ಬಗೆ ಎಂದು ತಿಳಿಯಲು 1÷2π ಎಂದು ಒತ್ತಿ. ನಡುವೆ × ಒತ್ತಬೇಡಿ. 0.159 ಬಂದರೆ ಅದು 2π ಅನ್ನು ಗಂಟಾಗಿ ಓದುತ್ತದೆ. 1.57 ಬಂದರೆ ಎಡದಿಂದ ಬಲಕ್ಕೆ ಹೋಗುತ್ತದೆ. × ಒತ್ತಿದರೆ ಎರಡೂ ಬಗೆಯವು 1.57 ಅನ್ನೇ ಕೊಡುತ್ತವೆ.

## ಕೋಡ್‌ನಲ್ಲಿ, ಸ್ಪ್ರೆಡ್‌ಶೀಟ್‌ನಲ್ಲಿ ಹೇಗೆ?

ಹೆಚ್ಚಿನ ಭಾಷೆಗಳು ಅಂಟಿಸಿ ಬರೆದ ಗುಣಾಕಾರವನ್ನು ಒಪ್ಪುವುದೇ ಇಲ್ಲ. ಪೈಥಾನ್‌ನಲ್ಲಿ ಒಂದು ಹೆಸರಿನ ಪಕ್ಕ ಬ್ರ್ಯಾಕೆಟ್ ಬಂದರೆ ಅದು ಫಂಕ್ಷನ್ ಅನ್ನು ಕರೆದಂತೆ. ಹಾಗಾಗಿ 4(1 + 2) ಅಂದರೆ "4 ಅನ್ನುವ ಫಂಕ್ಷನ್‌ಗೆ 3 ಕೊಡು" ಎಂದಾಗುತ್ತದೆ:

```
>>> 24 / 4(1 + 2)
TypeError: 'int' object is not callable
>>> 24 / 4 * (1 + 2)
18.0
>>> 24 / (4 * (1 + 2))
2.0
```

ಎಕ್ಸೆಲ್‌ನಲ್ಲಿ =24/4(1+2) ಎಂದು ಬರೆದರೆ ಅದು ಹಾಗೇ ತೆಗೆದುಕೊಳ್ಳದೆ, ನಕ್ಷತ್ರ ಸೇರಿಸಿದ =24/4*(1+2) ಎಂದು ಬದಲಿಸಲೇ ಎಂದು ಕೇಳುತ್ತದೆ. ಸರಿ ಎಂದು ಒತ್ತುವ ಮುಂಚೆ ನಿಲ್ಲಿ. ಒತ್ತಿದರೆ 18 ಬರುತ್ತದೆ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು 2 ಆಗಿದ್ದರೆ ಅಲ್ಲಿಗೆ ಲೆಕ್ಕ ಸದ್ದಿಲ್ಲದೆ ಕೆಟ್ಟಿತು.

ಜೂಲಿಯಾ ಭಾಷೆ ಬೇರೆ ದಾರಿ ಹಿಡಿದಿದೆ. ಅಲ್ಲಿ ಅಂಕಿಯನ್ನು ಅಂಟಿಸಿ ಬರೆಯಬಹುದು, ಹಾಗೆ ಬರೆದದ್ದಕ್ಕೆ ಭಾಗಾಕಾರಕ್ಕಿಂತ ಬಿಗಿ ಜಾಸ್ತಿ:

```
julia> 24 / 4(1 + 2)
2.0
julia> 24 / 4 * (1 + 2)
18.0
```

ಒಂದು ನಕ್ಷತ್ರ ಇದ್ದರೆ 18, ಇಲ್ಲದಿದ್ದರೆ 2. ಒಂದು ಭಾಷೆಯಿಂದ ಇನ್ನೊಂದಕ್ಕೆ ಸೂತ್ರ ಸಾಗಿಸುವಾಗ ಇದನ್ನು ನೋಡಿಕೊಳ್ಳಿ.

ಸಿ ಮತ್ತು ಜಾವಾದಲ್ಲಿ ಬರೆಯುವವರಿಗೆ ಇನ್ನೊಂದು ಮಾತು. ಅಲ್ಲಿ 1/3 ಅನ್ನು ಪೂರ್ಣಾಂಕಗಳಾಗಿ ಭಾಗಿಸಿದರೆ 0 ಬರುತ್ತದೆ. ಹಾಗಾಗಿ (1/3) ಎಂದು ಬ್ರ್ಯಾಕೆಟ್ ಸರಿಯಾಗಿ ಹಾಕಿದರೂ ಶಂಕುವಿನ ಘನಫಲ 0 ಆಗಿಬಿಡುತ್ತದೆ. 1.0/3 ಎಂದು ಬರೆಯಬೇಕು.

## ಪುಸ್ತಕದಲ್ಲಿ ಮೇಲೆ ಕೆಳಗೆ ಇರುವ ಭಿನ್ನರಾಶಿಯನ್ನು ಒಂದೇ ಸಾಲಿಗೆ ತರುವುದು ಹೇಗೆ?

ನನ್ನ ಅನುಭವದಲ್ಲಿ ಹೆಚ್ಚಿನ ತಪ್ಪುಗಳು ಹುಟ್ಟುವುದು ಇಲ್ಲೇ.

ಭಿನ್ನರಾಶಿಯ ನಡುವಿನ ಅಡ್ಡಗೆರೆ ಎರಡು ಕೆಲಸ ಮಾಡುತ್ತದೆ. ಭಾಗಿಸು ಅನ್ನುತ್ತದೆ. ಜೊತೆಗೆ ತನ್ನ ಮೇಲಿರುವುದಕ್ಕೆಲ್ಲ ಒಂದು ಬ್ರ್ಯಾಕೆಟ್, ಕೆಳಗಿರುವುದಕ್ಕೆಲ್ಲ ಇನ್ನೊಂದು ಬ್ರ್ಯಾಕೆಟ್ ಹಾಕುತ್ತದೆ. ಆ ಬ್ರ್ಯಾಕೆಟ್‌ಗಳು ಕಣ್ಣಿಗೆ ಕಾಣುವುದಿಲ್ಲ, ಗೆರೆಯ ಉದ್ದದಲ್ಲೇ ಅಡಗಿರುತ್ತವೆ. ಅದನ್ನು ಒಂದೇ ಸಾಲಿಗೆ ಇಳಿಸಿದಾಗ ಅಡ್ಡಗೆರೆ ಪುಟ್ಟ ಓರೆಗೆರೆಯಾಗುತ್ತದೆ. ಭಾಗಿಸು ಅನ್ನುವುದು ಉಳಿಯುತ್ತದೆ, ಬ್ರ್ಯಾಕೆಟ್‌ಗಳು ಕಳೆದುಹೋಗುತ್ತವೆ.

ಹಾಗಾಗಿ ಇಳಿಸುವಾಗ ಆ ಎರಡನ್ನೂ ಕೈಯಾರೆ ವಾಪಸ್ ಹಾಕಿ. ಮೇಲೆ a + b, ಕೆಳಗೆ cd ಇದ್ದರೆ ಮೊದಲು ( )/( ) ಎಂದು ಖಾಲಿ ಅಚ್ಚು ಬರೆಯಿರಿ. ಆಮೇಲೆ ಒಳಗೆ ತುಂಬಿ: (a + b)/(cd). ಬ್ರ್ಯಾಕೆಟ್ ಒಳಗೆ ಒಂದೇ ಅಂಕಿ ಅಥವಾ ಒಂದೇ ಅಕ್ಷರ ಉಳಿದರೆ ಮಾತ್ರ ಅದನ್ನು ತೆಗೆಯಬಹುದು. ಮೊದಲು ಸೂತ್ರ ಬರೆದು ಆಮೇಲೆ ಬ್ರ್ಯಾಕೆಟ್ ಎಲ್ಲಿ ಬೇಕು ಎಂದು ಯೋಚಿಸುವುದಕ್ಕಿಂತ ಇದು ಸುಲಭ. ಖಾಲಿ ಅಚ್ಚು ಇದ್ದರೆ ಮರೆಯುವ ಪ್ರಶ್ನೆಯೇ ಬರುವುದಿಲ್ಲ.

ಜಾಗ ಬಿಟ್ಟು ಬರೆದರೆ ಸಾಕು ಎಂದು ಕೆಲವರು 1/2 x ಅಥವಾ 1 / 2x ಎಂದು ಬರೆಯುತ್ತಾರೆ. ಕಣ್ಣಿಗೆ ಅದು ಸಹಾಯ ಮಾಡುತ್ತದೆ, ನಿಜ. ಆದರೆ ಹೆಚ್ಚಿನ ಕಡೆ ಯಂತ್ರಕ್ಕೆ ಜಾಗ ಅಂದರೆ ಏನೂ ಅಲ್ಲ. ಸಾಲನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸಿದಾಗ ಆ ಜಾಗ ಉಳಿಯುತ್ತದೆ ಅನ್ನುವ ಖಾತ್ರಿಯೂ ಇಲ್ಲ.

## ಒಂದೇ ಸಾಲಿನಲ್ಲಿ ಎರಡು ಓರೆಗೆರೆ ಬಂದರೆ?

60/5/2 ಅನ್ನು ಎಡದಿಂದ ಮಾಡಿದರೆ 6. ಬಲಗಡೆಯದು ಮೊದಲು ಎಂದುಕೊಂಡರೆ 60 ÷ 2.5, ಅಂದರೆ 24. ಯಂತ್ರಗಳು 6 ಅನ್ನುತ್ತವೆ. ಮನುಷ್ಯರು ತಡವರಿಸುತ್ತಾರೆ. ಅಳತೆಯ ಮಾನಗಳನ್ನು ಬರೆಯುವಾಗ ಬ್ರ್ಯಾಕೆಟ್ ಇಲ್ಲದೆ ಎರಡು ಓರೆಗೆರೆ ಹಾಕಲೇಬಾರದು ಎಂದು ಅಂತಾರಾಷ್ಟ್ರೀಯ ಮಾನಗಳ ಎಸ್‌ಐ ಕೈಪಿಡಿ ಹೇಳುತ್ತದೆ. m/s/s ಬೇಡ, m/s² ಬರೆಯಿರಿ. J/kg/K ಬೇಡ, J/(kg K) ಬರೆಯಿರಿ.

## ÷ ಚಿಹ್ನೆಯೇ ಸಮಸ್ಯೆಯೇ?

ಅರ್ಧ ಮಟ್ಟಿಗೆ ಹೌದು. ÷ ಅನ್ನು ಭಾಗಾಕಾರಕ್ಕೆ ಅಚ್ಚಿನಲ್ಲಿ ಮೊದಲು ಬಳಸಿದವರು ಸ್ವಿಟ್ಜರ್ಲೆಂಡಿನ ಯೋಹಾನ್ ರಾನ್, 1659ರಲ್ಲಿ. ಆ ಚಿಹ್ನೆಗೆ ಒಂದು ಕೊರತೆ ಇದೆ. ಭಾಜಕ ಎಲ್ಲಿ ಶುರುವಾಗುತ್ತದೆ ಎಂದು ಅದು ತೋರಿಸುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ತೋರಿಸುವುದಿಲ್ಲ. ಅಡ್ಡಗೆರೆಗೆ ಈ ಕೊರತೆ ಇಲ್ಲ, ಗೆರೆ ಮುಗಿದಲ್ಲಿ ಭಾಜಕವೂ ಮುಗಿಯಿತು. ವಿಜ್ಞಾನದ ಬರಹಕ್ಕಿರುವ ಐಎಸ್‌ಒ 80000-2 ಮಾನದಂಡವು ÷ ಬಳಸಬೇಡಿ ಅನ್ನುತ್ತದೆ. ಓರೆಗೆರೆಯ ನಂತರ ಅದೇ ಸಾಲಿನಲ್ಲಿ ಇನ್ನೊಂದು ಗುಣಾಕಾರವೋ ಭಾಗಾಕಾರವೋ ಬಂದರೆ ಬ್ರ್ಯಾಕೆಟ್ ಹಾಕಬೇಕು ಎಂಬುದು ಅದೇ ಸರಣಿಯ ಇನ್ನೊಂದು ನಿಯಮ. ಗಮನಿಸಿ, ಯಾವುದು ಮೊದಲು ಎಂದು ತೀರ್ಪು ಕೊಡುವ ಬದಲು ಅಂಥ ಸಾಲನ್ನೇ ಬರೆಯಬೇಡಿ ಅನ್ನುತ್ತದೆ.

## ಕೆಲವು ಪುಸ್ತಕಗಳಲ್ಲಿ "36 ÷ 6 ರ 1/2" ಎಂದು ಇರುತ್ತದೆ. ಇದನ್ನು ಹೇಗೆ ಓದಬೇಕು?

ಬಾಡ್‌ಮಾಸ್‌ನ ಎರಡನೆಯ ಅಕ್ಷರವನ್ನು ಕೆಲವು ಪುಸ್ತಕಗಳು ಘಾತಕ್ಕೆ ಬಳಸುತ್ತವೆ, ಕೆಲವು ಈ "ರ" ಗೆ ಬಳಸುತ್ತವೆ. ಎರಡನೆಯ ಬಗೆಯ ಪುಸ್ತಕದಲ್ಲಿ "ರ" ಕೂಡ ಗುಣಾಕಾರವೇ, ಆದರೆ ಭಾಗಾಕಾರಕ್ಕಿಂತ ಮೊದಲು ಮಾಡಬೇಕು. 6 ರ ಅರ್ಧ 3, ಹಾಗಾಗಿ 36 ÷ 3 = 12. ಎಡದಿಂದ ಹೋದರೆ 3 ಬರುತ್ತದೆ, ಆ ಪುಸ್ತಕದ ಪ್ರಕಾರ ಅದು ತಪ್ಪು. ನೋಡಿ, ಇಲ್ಲೂ ಅಂಟಿದ ಗುಣಾಕಾರಕ್ಕೆ ಬಿಗಿ ಜಾಸ್ತಿ ಅನ್ನುವ ಅದೇ ಯೋಚನೆ, ಬೇರೆ ವೇಷದಲ್ಲಿದೆ.

## ಪರೀಕ್ಷೆಯಲ್ಲಿ 24 ÷ 4(1 + 2) ಬಂದುಬಿಟ್ಟರೆ ಏನು ಬರೆಯಲಿ?

ನಿಮ್ಮ ಪಠ್ಯದಲ್ಲಿ ಇಂಥ ಒಂದು ಲೆಕ್ಕ ಬಿಡಿಸಿ ತೋರಿಸಿದ್ದಾರಾ ನೋಡಿ. ಇದ್ದರೆ ಅದೇ ಓದನ್ನು ಅನುಸರಿಸಿ. ಪರೀಕ್ಷಕರು ಅದನ್ನೇ ನೋಡುತ್ತಾರೆ. ಸಾಧ್ಯವಾದರೆ ಶಿಕ್ಷಕರನ್ನು ಮೊದಲೇ ಕೇಳಿಬಿಡಿ.

ಯಾವುದೂ ಗೊತ್ತಿಲ್ಲದಿದ್ದರೆ, ನಿಮ್ಮ ಮೊದಲ ಹೆಜ್ಜೆ ಲೆಕ್ಕ ಆಗಿರಬಾರದು, ಓದು ಆಗಿರಬೇಕು. "(24 ÷ 4) × (1 + 2) ಎಂದು ತೆಗೆದುಕೊಂಡಿದ್ದೇನೆ" ಎಂದು ಒಂದು ಸಾಲು ಬರೆದು ಮುಂದುವರಿಯಿರಿ. ಶಾಲೆಯ ಅಂಕಗಣಿತದಲ್ಲಿ ಎಡದಿಂದ ಬಲಕ್ಕೆ ಹೋಗುವ ಈ ಓದೇ ಹೆಚ್ಚು ರೂಢಿಯಲ್ಲಿದೆ. ಉತ್ತರ ಹೊಂದದಿದ್ದರೂ ನೀವು ಎಲ್ಲಿ ಬೇರೆ ದಾರಿ ಹಿಡಿದಿರಿ ಎಂದು ತಿದ್ದುವವರಿಗೆ ಕಾಣುತ್ತದೆ.

## ಬೇರೆಯವರು ಬರೆದ ಸಾಲನ್ನು ಓದಬೇಕಾಗಿದೆ, ಬ್ರ್ಯಾಕೆಟ್ ಇಲ್ಲ. ಕೇಳಲು ಅವರೂ ಇಲ್ಲ. ಏನು ಮಾಡಲಿ?

ಮೊದಲು ಅದೇ ಪುಟದಲ್ಲಿ ಅವರು ಬಿಡಿಸಿದ ಒಂದು ಉದಾಹರಣೆ ಹುಡುಕಿ. ಅಂಕಿಗಳಿದ್ದರೆ ಎರಡೂ ಓದುಗಳಲ್ಲಿ ಲೆಕ್ಕ ಮಾಡಿ, ಯಾವುದು ಅವರ ಉತ್ತರಕ್ಕೆ ಹೊಂದುತ್ತದೆ ನೋಡಿ. ಉದಾಹರಣೆ ಇಲ್ಲದಿದ್ದರೆ ಮಾನದ ಪರೀಕ್ಷೆ ಮಾಡಿ. ಆದರೆ ಅದಕ್ಕೂ ಮಿತಿ ಇದೆ. ಓರೆಗೆರೆಯ ಬಲಕ್ಕೆ ಇರುವುದು ಬರೀ ಅಂಕಿ ಮತ್ತು π ಆಗಿದ್ದರೆ ಅವಕ್ಕೆ ಮಾನವೇ ಇಲ್ಲ, ಮೇಲಿದ್ದರೂ ಕೆಳಗಿದ್ದರೂ ಮಾನ ಬದಲಾಗುವುದಿಲ್ಲ. L/2π ಥರದ ಸಾಲು ಸಿಕ್ಕಿದರೆ ಮಾನ ಸುಮ್ಮನಿರುತ್ತದೆ. ಆಗ ಉತ್ತರ ಗೊತ್ತಿರುವ ಒಂದು ಸರಳ ಸಂದರ್ಭ ಹಾಕಿ ನೋಡಬೇಕು. L ವೃತ್ತದ ಸುತ್ತಳತೆ ಆಗಿದ್ದರೆ, ತ್ರಿಜ್ಯ 1 ಇರುವ ವೃತ್ತ ತೆಗೆದುಕೊಳ್ಳಿ. ಅದರ ಸುತ್ತಳತೆ ಸುಮಾರು 6.28. ಗಂಟಾಗಿ ಓದಿದರೆ 6.28 ÷ 6.28, ಅಂದರೆ 1, ತ್ರಿಜ್ಯ ಸರಿಯಾಗಿ ಬಂತು. ಎಡದಿಂದ ಓದಿದರೆ 3.14 × 3.14, ಅಂದರೆ ಸುಮಾರು 9.87. ಯಾವುದು ಅವರ ಮನಸ್ಸಿನಲ್ಲಿತ್ತು ಎಂದು ಈಗ ಗೊತ್ತಾಯಿತು. ನಿಮ್ಮ ಪ್ರತಿಯಲ್ಲಿ ಅದನ್ನು L/(2π) ಎಂದು ತಿದ್ದಿ ಇಟ್ಟುಕೊಳ್ಳಿ.